ಆರ್ಕಿಟೆಕ್ಚರ್ ಸ್ಟೇಟ್‌ಮೆಂಟ್‌ಗೆ ಒಂದೇ ಒಂದು ಜಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ ಕಡೆಯಿಂದ ಆರ್ಕಿಟೆಕ್ಚರ್ ಓದಲು ಅರ್ಜಿ ಹಾಕುವ ಹುಡುಗ ಹುಡುಗಿಯರು ನನ್ನ ಹತ್ತಿರ, ಈ ಕೋರ್ಸು ಯಾಕೆ ಬೇಕು ಅಂತ ಅರ್ಜಿಯ ಜೊತೆ ಬರೆದು ಕೊಡುವ ಸ್ಟೇಟ್‌ಮೆಂಟ್ ತೋರಿಸಲು ಬರುತ್ತಾರೆ. ಪ್ರಶ್ನೆಗಳು ಬಹುಮಟ್ಟಿಗೆ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕಟ್ಟಡದ ಬಗ್ಗೆ ಬರೆಯುವ ಎಲ್ಲ ದಾರಿಗಳೂ ಇಲ್ಲಿಲ್ಲ. ಒಂದು ಜಾಗ ನೋಡಿ, ಅಳೆದು, ಅದರಿಂದ ಒಂದು ಯೋಚನೆ ಹುಟ್ಟಿಸಿ ಬರೆಯುವ ದಾರಿ ಮಾತ್ರ ಇದೆ.

ಈ ಸ್ಟೇಟ್‌ಮೆಂಟ್ ಎಲ್ಲರಿಗೂ ಬೇಕಾ?

ಇಲ್ಲ. ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್ ಮೂಲಕ ಬಿ.ಆರ್ಕ್ ಸೇರುವವರಿಗೆ ನಾಟಾ ಅಂಕ, ಪಿಯುಸಿ ಅಂಕ ಸಾಕು. ಅಲ್ಲಿ ಯಾರೂ ನಿಮ್ಮ ಬರಹ ಓದುವುದಿಲ್ಲ. ಹೊರದೇಶದ ಕೋರ್ಸುಗಳಿಗೆ, ಎಂ.ಆರ್ಕ್‌ನಂಥ ಮುಂದಿನ ಓದಿಗೆ, ಪೋರ್ಟ್‌ಫೋಲಿಯೊ ಕೇಳುವ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಿಗೆ ಇದು ಬೇಕಾಗುತ್ತದೆ. ನೀವು ಹಾಕುವ ಕೋರ್ಸಿನ ಅರ್ಜಿಯಲ್ಲಿ ಕೇಳಿಲ್ಲ ಅಂದರೆ ಈ ಪುಟ ಬಿಟ್ಟು ಡ್ರಾಯಿಂಗ್ ಪ್ರಾಕ್ಟೀಸ್ ಮಾಡಿ.

ಒಂದೇ ಜಾಗ ಯಾಕೆ? ನಾನು ಹಂಪಿ, ಅಹಮದಾಬಾದ್, ಚಂಡೀಗಢ ಎಲ್ಲ ನೋಡಿದ್ದೇನಲ್ಲ?

ನೋಡಿದ್ದು ಒಳ್ಳೆಯದೇ. ಆದರೆ ಆರುನೂರು ಪದದಲ್ಲಿ ಐದು ಊರು ಹೇಳಿದರೆ ಒಂದೊಂದಕ್ಕೂ ಸಿಗುವುದು ಎರಡು ವಾಕ್ಯ. ಎರಡು ವಾಕ್ಯದಲ್ಲಿ ಯಾರಾದರೂ ಹೇಳುವುದು 'ಭವ್ಯವಾಗಿತ್ತು' ಅಂತಲೇ. ಓದುವ ಅಧ್ಯಾಪಕರಿಗೆ ಬೇಕಾಗಿರುವುದು ನೀವು ಎಲ್ಲೆಲ್ಲಿ ಹೋಗಿದ್ದಿರಿ ಅನ್ನುವ ಲೆಕ್ಕ ಅಲ್ಲ. ಒಂದು ಗೋಡೆ, ಒಂದು ಮೆಟ್ಟಿಲು, ಒಂದು ಕಿಟಕಿ ಎದುರಿಗೆ ಇಟ್ಟರೆ ಈ ಹುಡುಗಿಯ ತಲೆ ಹೇಗೆ ಓಡುತ್ತದೆ ಅಂತ ಅವರು ನೋಡುತ್ತಾರೆ. ಡಿಸೈನ್ ಸ್ಟುಡಿಯೊದಲ್ಲಿ ಐದು ವರ್ಷ ಮಾಡುವ ಕೆಲಸವೂ ಅದೇ.

ಗೋಳಗುಮ್ಮಟದ ಬಗ್ಗೆ ಬರೆಯಬಹುದಾ?

ಬರೆಯಬಹುದು, ಆದರೆ ನಾನಾದರೆ ಬರೆಯುವುದಿಲ್ಲ. ಪಿಸುಮಾತಿನ ಗ್ಯಾಲರಿ, ಏಳು ಸಲ ಪ್ರತಿಧ್ವನಿ, ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟ, ಚೌಕದಿಂದ ವೃತ್ತಕ್ಕೆ ತಿರುಗಿಸುವ ಒಂದರ ಮೇಲೊಂದು ಹಾಯುವ ಕಮಾನುಗಳು: ಇದೆಲ್ಲ ಗೈಡ್ ಬಾಯಲ್ಲೂ ಇದೆ, ಶಾಲೆಯ ಪುಸ್ತಕದಲ್ಲೂ ಇದೆ. ನೀವು ಕಂಡುಕೊಂಡದ್ದು ಅಂತ ಅದನ್ನು ಹೇಳಲು ಬರುವುದಿಲ್ಲ. ಬಾದಾಮಿ, ಪಟ್ಟದಕಲ್ಲು, ಇಬ್ರಾಹಿಂ ರೋಜಾಕ್ಕೂ ಇದೇ ಮಾತು.

ಅಲ್ಲೇ ಬರೆಯಬೇಕು ಅಂತ ಹಟ ಇದ್ದರೆ ಫಲಕದಲ್ಲಿ ಇಲ್ಲದ ಒಂದು ಸಂಗತಿ ಹಿಡಿಯಿರಿ. ಮೇ ತಿಂಗಳ ಮಧ್ಯಾಹ್ನ ಗುಮ್ಮಟದ ನೆರಳು ಎಲ್ಲಿ ಬೀಳುತ್ತದೆ, ಹಳ್ಳಿಯಿಂದ ಬಂದ ಕುಟುಂಬ ರೊಟ್ಟಿ ಗಂಟು ಬಿಚ್ಚಲು ಎಲ್ಲಿ ಕೂರುತ್ತದೆ, ಆ ನೆರಳು ಸರಿದಾಗ ಅವರು ಎತ್ತ ಸರಿಯುತ್ತಾರೆ? ಇದಕ್ಕೆ ನೀವು ಹೋಗಿ ಕೂರಲೇಬೇಕು. ಹಾಗೆ ಕೂತವರು ಬರೆದರೆ ಓದಿದ ಕೂಡಲೇ ಗೊತ್ತಾಗುತ್ತದೆ.

ಹಾಗಾದರೆ ಎಂಥ ಜಾಗ ಆರಿಸಬೇಕು?

ಮತ್ತೆ ಮತ್ತೆ ಹೋಗಲು ಆಗುವ ಜಾಗ. ಟೇಪ್ ಹಿಡಿದರೆ ಯಾರೂ ಬೈಯದ ಜಾಗ. ಎಲ್ಲಕ್ಕಿಂತ ಮುಖ್ಯ, ನಿಮಗೆ ಸ್ವಲ್ಪ ವಿಚಿತ್ರ ಅನ್ನಿಸಿದ ಒಂದು ವಿಷಯ ಅಲ್ಲಿರಬೇಕು. 'ಇದು ಇಷ್ಟು ತಗ್ಗಿನಲ್ಲಿ ಯಾಕಿದೆ?', 'ಈ ಮೂಲೆಯಲ್ಲಿ ಮಾತ್ರ ಎಲ್ಲರೂ ಯಾಕೆ ಕೂರುತ್ತಾರೆ?' ಅನ್ನುವ ಥರದ್ದು. ಚೆಂದ ಅನ್ನಿಸಿದ ಜಾಗಕ್ಕಿಂತ ಒಗಟು ಅನ್ನಿಸಿದ ಜಾಗ ವಾಸಿ. ಚೆಂದದ್ದನ್ನು ಹೊಗಳಿ ಮುಗಿಸಿಬಿಡುತ್ತೀರಿ.

ಕೆಳಗಿನ ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಇಳಕಲ್ಲಿನ ಹಳೇ ಓಣಿಯ ಒಂದು ನೇಕಾರರ ಮನೆ, ಅದರಲ್ಲಿ ಕುಣಿಮಗ್ಗ ಇರುವ ಬೀದಿ ಬದಿಯ ಕೋಣೆ. ಅರ್ಜಿ ಹಾಕುವವಳು ಆ ಮನೆಯ ಮೊಮ್ಮಗಳು ಅಂದುಕೊಳ್ಳಿ. ಅಳತೆಗಳು ಉದಾಹರಣೆಗೆ ಇಟ್ಟುಕೊಂಡದ್ದು. ನಿಮ್ಮ ಮನೆಯಲ್ಲಿ ಬೇರೆ ಇರುತ್ತವೆ.

ಕುಣಿಮಗ್ಗದ ಕೋಣೆಯಲ್ಲಿ ನೋಡಲು ಏನಿದೆ?

ಮಗ್ಗ ಹೇಗಿರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ನೆಲದಲ್ಲಿ ಎರಡೂವರೆ ಅಡಿ ಆಳದ ಕುಣಿ ತೋಡಿರುತ್ತಾರೆ. ನೇಯುವವರು ಕುಣಿಯ ಅಂಚಿನಲ್ಲಿ, ಅಂದರೆ ನೆಲದ ಮಟ್ಟದಲ್ಲೇ, ಕೂತು ಕಾಲು ಒಳಗೆ ಇಳಿಬಿಡುತ್ತಾರೆ. ಕಾಲಲ್ಲಿ ತುಳಿಯುವ ಹಲಗೆಗಳು ಕುಣಿಯೊಳಗೆ. ಲಾಳಿ ಓಡಿ ಹೊಕ್ಕಿನ ನೂಲು ಬಟ್ಟೆ ಸೇರುವ ಜಾಗ ತೊಡೆಯ ಮಟ್ಟದಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಹಾಸಿನ ನೂಲು ಕೋಣೆಯ ಉದ್ದಕ್ಕೂ ನೆಲಕ್ಕೆ ಹತ್ತಿರವೇ ಚಾಚಿರುತ್ತದೆ. ಒಣಗಿದ ಹತ್ತಿ ನೂಲು ಬೇಗ ಹರಿಯುತ್ತದೆ, ಸ್ವಲ್ಪ ತೇವ ಇದ್ದರೆ ಗಟ್ಟಿ. ಬಯಲುಸೀಮೆಯ ಒಣ ಹವೆಯಲ್ಲಿ ಮಣ್ಣಿನ ನೆಲ, ಕುಣಿಯ ತಂಪು ಈ ಕೆಲಸಕ್ಕೆ ಒದಗಿ ಬರುತ್ತವೆ.

ಇಷ್ಟನ್ನು ಯಾರಾದರೂ ಹೇಳುತ್ತಾರೆ. ನಮ್ಮ ಮೊಮ್ಮಗಳಿಗೆ ಒಗಟಾಗಿದ್ದು ಕಿಟಕಿ. ಅದು ಮೊಣಕಾಲಿಗಿಂತ ಕೆಳಗಿನಿಂದ ಶುರುವಾಗಿ ಎದೆಯ ಮಟ್ಟಕ್ಕೇ ಮುಗಿಯುತ್ತದೆ. ಕೋಣೆಯಲ್ಲಿ ನಿಂತವರಿಗೆ ಆ ಕಿಟಕಿಯಿಂದ ಕಟ್ಟೆ, ಬೀದಿಯ ನೆಲ ಬಿಟ್ಟರೆ ಏನೂ ಕಾಣುವುದಿಲ್ಲ. ಯಾರೋ ತಪ್ಪಿ ತಗ್ಗಿನಲ್ಲಿ ಕೂರಿಸಿದ ಹಾಗಿದೆ.

ಏನೇನು ಅಳೆಯಬೇಕು? ನನಗೆ ಡ್ರಾಫ್ಟಿಂಗ್ ಬರುವುದಿಲ್ಲ.

ಡ್ರಾಫ್ಟಿಂಗ್ ಬೇಡ. ಒಂದು ಟೇಪು, ಚೌಕುಳಿ ಹಾಳೆಯ ನೋಟ್‌ಬುಕ್ಕು, ಟೇಪಿನ ಇನ್ನೊಂದು ತುದಿ ಹಿಡಿಯಲು ತಮ್ಮನೋ ತಂಗಿಯೋ ಸಾಕು. ಎಲ್ಲರೂ ಮೊದಲು ಪ್ಲಾನ್ ಬರೆಯುತ್ತಾರೆ. ಕೋಣೆ ಹತ್ತಕ್ಕೆ ಹದಿನಾರು ಅಂತ ಗೊತ್ತಾಗುತ್ತದೆ, ಅಷ್ಟೇ. ಈ ಒಗಟು ಇರುವುದು ಎತ್ತರದಲ್ಲಿ. ಹಾಗಾಗಿ ಸೆಕ್ಷನ್ ಬರೆಯಿರಿ: ಬೀದಿಯಿಂದ ಕೋಣೆಯೊಳಗೆ ಕಿಟಕಿಯ ನಡುವೆ ಕತ್ತರಿಸಿದ ಹಾಗೆ ಒಂದು ಚಿತ್ರ. ಬೀದಿ, ಕಟ್ಟೆ, ಗೋಡೆಯ ದಪ್ಪ, ಕಿಟಕಿ, ಒಳಗಿನ ನೆಲ, ಕುಣಿ.

ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟು. ಬೀದಿಯಿಂದ ಕಟ್ಟೆ 2 ಅಡಿ 3 ಇಂಚು ಎತ್ತರ, ಒಳಗಿನ ನೆಲವೂ ಅದೇ ಮಟ್ಟ. ಗೋಡೆ 1 ಅಡಿ 9 ಇಂಚು ದಪ್ಪ. ಕಿಟಕಿ ನೆಲದಿಂದ 1 ಅಡಿ 1 ಇಂಚಿಗೆ ಶುರುವಾಗಿ 4 ಅಡಿ 1 ಇಂಚಿಗೆ ಮುಗಿಯುತ್ತದೆ. ನೇಯುವ ಬಟ್ಟೆ ನೆಲದಿಂದ 9 ಇಂಚು ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ.

ಇದರ ಜೊತೆಗೆ ಅವಳು ಕಟ್ಟಡದ್ದಲ್ಲದ ಅಳತೆಗಳನ್ನೂ ತೆಗೆದಳು. ಮಗ್ಗದಲ್ಲಿ ಕೂತ ಅಜ್ಜನ ಕಣ್ಣು ನೆಲದಿಂದ ಎರಡೂವರೆ ಅಡಿ. ಕಟ್ಟೆಯ ಮೇಲೆ ಕೂತು ಹರಟುವವರ ಕಣ್ಣೂ ಅಷ್ಟೇ. ಬೀದಿಯಲ್ಲಿ ನಿಂತವರ ಕಣ್ಣು ಬೀದಿಯಿಂದ ಸುಮಾರು 5 ಅಡಿ, ಅದರಲ್ಲಿ ಕಟ್ಟೆಯ ಎತ್ತರ ಕಳೆದರೆ ಒಳಗಿನ ನೆಲದಿಂದ 2 ಅಡಿ 9 ಇಂಚು. ಈ ಮೂರನ್ನೂ ಸೆಕ್ಷನ್‌ನಲ್ಲಿ ಚುಕ್ಕಿ ಹಾಕಿ ನೋಡಿ. ಮೂರು ಚುಕ್ಕಿಯೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ, ಕಿಟಕಿಯ ನಟ್ಟನಡುವೆ ಬೀಳುತ್ತವೆ.

ಜನ ಅಳತೆ ಅಂದರೆ ಗೋಡೆಯನ್ನು ಮಾತ್ರ ಅಳೆಯುತ್ತಾರೆ. ಕೂತವರನ್ನು, ನಿಂತವರನ್ನು ಅಳೆಯದಿದ್ದರೆ ಈ ಗೆರೆ ಸಿಗುತ್ತಲೇ ಇರಲಿಲ್ಲ.

ಅಳತೆಯಿಂದ ಯೋಚನೆಗೆ ಹೋಗುವುದು ಹೇಗೆ? ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ.

ಒಂದು ಉಪಾಯ ಇದೆ. ಆ ಒಂದು ಭಾಗವನ್ನು ಕಾಗದದ ಮೇಲೆ ಬದಲಿಸಿ, ಏನು ಕೆಡುತ್ತದೆ ನೋಡಿ. ಇವತ್ತು ಕಟ್ಟುವ ಮನೆಗಳಲ್ಲಿ ಕಿಟಕಿ ಸಾಮಾನ್ಯವಾಗಿ ನೆಲದಿಂದ 3 ಅಡಿಗೆ ಶುರುವಾಗಿ 7 ಅಡಿಗೆ ಮುಗಿಯುತ್ತದೆ. ಅದೇ ಕಿಟಕಿಯನ್ನು ಈ ಕೋಣೆಗೆ ಕೂರಿಸಿದೆವು ಅಂದುಕೊಳ್ಳಿ.

ಮೊದಲು ನೋಟ ಹೋಗುತ್ತದೆ. ಅಜ್ಜನ ಕಣ್ಣು ಎರಡೂವರೆ ಅಡಿಯಲ್ಲಿ, ಕಿಟಕಿ ಅದಕ್ಕಿಂತ ಮೇಲೆ. ಬೀದಿಯಲ್ಲಿ ಯಾರು ಹೋದರೂ ಕಾಣುವುದಿಲ್ಲ. ಕಟ್ಟೆಯ ಮೇಲೆ ಕೂತವರ ಜೊತೆ ಮಾತಾಡುತ್ತ ನೇಯುವುದು ನಿಂತುಹೋಗುತ್ತದೆ.

ಎರಡನೆಯದು ಬೆಳಕು. ಇದು ಇನ್ನೂ ಕುತೂಹಲದ್ದು. ಸೆಕ್ಷನ್‌ನಲ್ಲಿ ಬಟ್ಟೆಯ ಮೇಲೊಂದು ಚುಕ್ಕಿ ಇಟ್ಟು, ಅಲ್ಲಿಂದ ಕಿಟಕಿಯ ಕೆಳಗಿನ ಅಂಚಿಗೆ ಒಂದು ಗೆರೆ, ಮೇಲಿನ ಅಂಚಿಗೆ ಒಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ಕೋನವೇ ಬಟ್ಟೆಗೆ 'ಕಾಣುವ' ಹೊರಗು. ಕೆಳಗಿನ ಗೆರೆ ಕಿಟಕಿಯ ಒಳ ಅಂಚಿಗೆ ತಾಗಬೇಕು, ಮೇಲಿನದು ಹೊರ ಅಂಚಿಗೆ. ಗೋಡೆ ದಪ್ಪ ಇರುವುದರಿಂದ ಇದು ಮುಖ್ಯ. ಅಜ್ಜನ ತಗ್ಗಿನ ಕಿಟಕಿಯಲ್ಲಿ ಈ ಕೋನ ಸುಮಾರು 33 ಡಿಗ್ರಿ. ಮೂರಡಿ ಮೇಲಿನ ಕಿಟಕಿಯಲ್ಲಿ ಆರೇಳು ಡಿಗ್ರಿ ಮಾತ್ರ, ಅದೂ ಕಿಟಕಿ ಒಂದಡಿ ಜಾಸ್ತಿ ಎತ್ತರ ಇದ್ದರೂ. ದಪ್ಪ ಗೋಡೆ ಅಡ್ಡ ಬಂದು ಬಟ್ಟೆಗೆ ಒಂದು ಸಣ್ಣ ಸೀಳಷ್ಟೇ ಉಳಿಯುತ್ತದೆ. ಬೆಳಕು ತಲೆಯ ಮೇಲಿಂದ ಹಾದು ಕೋಣೆಯ ಆ ಕಡೆಯ ಗೋಡೆಗೆ ಹೋಗಿ ಬೀಳುತ್ತದೆ.

'ಮಗ್ಗವನ್ನೇ ಒಳಗೆ ಸರಿಸಿದರೆ ಆಯ್ತಲ್ಲ' ಅಂತ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಮೇಲಿನ ಕಿಟಕಿ ಇದ್ದರೆ ಐದಡಿ ಒಳಗೆ ಸರಿಸಿದಾಗ ಬೆಳಕು ಸುಧಾರಿಸುತ್ತದೆ, ಗೆರೆ ಎಳೆದರೆ ಅದೂ ಕಾಣುತ್ತದೆ. ತಗ್ಗಿನ ಕಿಟಕಿ ಇದ್ದರೆ ಒಳಗೆ ಸರಿಸಿದಷ್ಟೂ ಎದುರಿನ ಮನೆಯ ಗೋಡೆ ಕಾಣುತ್ತದೆಯೇ ಹೊರತು ಆಕಾಶ ಕಾಣುವುದಿಲ್ಲ. ಅಂದರೆ ತಗ್ಗಿನ ಕಿಟಕಿ ಮಗ್ಗವನ್ನು ಗೋಡೆಗೆ ಕಟ್ಟಿಹಾಕಿದೆ. ಗೋಡೆ ಪಕ್ಕದ ಮಗ್ಗ ಕಿಟಕಿಯನ್ನು ತಗ್ಗಿಸಿದೆ. ಕುಣಿ ಒಂದು ಸಲ ತೋಡಿದ ಮೇಲೆ ಸರಿಸುವ ಹಾಗೂ ಇಲ್ಲ.

ಈಗ ಯೋಚನೆ ಕೈಗೆ ಬಂತು: ಈ ಕೋಣೆಯ ಎತ್ತರಗಳು ನಿಂತ ಮನುಷ್ಯನಿಂದ ಹುಟ್ಟಿಲ್ಲ, ನೆಲದಲ್ಲಿ ಕೂತು ದುಡಿಯುವ ಮನುಷ್ಯನಿಂದ ಹುಟ್ಟಿವೆ. ಸ್ಟೇಟ್‌ಮೆಂಟಿನ ನಡುಗಂಬ ಇದೊಂದೇ ವಾಕ್ಯ. ಉಳಿದದ್ದೆಲ್ಲ ಇದಕ್ಕೆ ಆಸರೆ.

ನನ್ನ ವಿವರಣೆ ತಪ್ಪಾಗಿದ್ದರೆ?

ತಪ್ಪಾಗಿರುವ ಸಾಧ್ಯತೆ ಯಾವಾಗಲೂ ಇದೆ. ಅದನ್ನು ನೀವೇ ಪರೀಕ್ಷೆ ಮಾಡಿ, ಅರ್ಜಿ ಓದುವವರು ಮಾಡುವ ಮೊದಲು. ತಗ್ಗಿನ ಕಿಟಕಿಗೆ ಬೇರೆ ಕಾರಣಗಳೂ ಇರಬಹುದು. ಮಾಳಿಗೆಯೇ ತಗ್ಗಾಗಿದ್ದು ಕಿಟಕಿಗೆ ಅಷ್ಟೇ ಜಾಗ ಉಳಿದಿರಬಹುದು. ಮಲಗಿದವರಿಗೆ ಗಾಳಿ ಬರಲಿ ಅಂತ ಇಟ್ಟಿರಬಹುದು. ಕಟ್ಟೆಯ ಮಟ್ಟವನ್ನು ಆಮೇಲೆ ಏರಿಸಿ, ಒಳಗಿನ ನೆಲಕ್ಕೂ ಮಣ್ಣು ತುಂಬಿ, ಕಿಟಕಿ ತಗ್ಗಾದ ಹಾಗೆ ಕಾಣುತ್ತಿರಬಹುದು. ಈ ಕೊನೆಯದು ಹಳೇ ಓಣಿಗಳಲ್ಲಿ ತುಂಬ ಸಾಮಾನ್ಯ. ರಸ್ತೆ ಡಾಂಬರು ಮೇಲೆ ಡಾಂಬರು ಬಿದ್ದು ಏರಿದ ಹಾಗೆ ಮನೆಯವರೂ ನೆಲ ಏರಿಸುತ್ತಾರೆ.

ಹೇಗೆ ತಿಳಿಯುವುದು? ಅದೇ ಮನೆಯಲ್ಲಿ ಮಗ್ಗ ಇಲ್ಲದ ಕೋಣೆಯ ಕಿಟಕಿ ನೋಡಿ. ಅಲ್ಲಿಯೂ ಅಷ್ಟೇ ತಗ್ಗಿದ್ದರೆ ಮಗ್ಗದ ವಾದ ಬಿದ್ದುಹೋಯಿತು. ಅದೇ ಓಣಿಯಲ್ಲಿ ನೇಯದವರ ಮನೆ ನೋಡಿ. ಬಾಗಿಲ ಚೌಕಟ್ಟಿನ ಬುಡ ನೆಲದಲ್ಲಿ ಹೂತಿದೆಯಾ ನೋಡಿ, ಹೂತಿದ್ದರೆ ನೆಲ ಏರಿಸಿದ್ದಾರೆ. ಕಡೆಗೆ ಕೇಳಿ. ಹಿರಿಯ ನೇಕಾರರು 'ಕಿಡಕಿ ಮ್ಯಾಲಿದ್ರ ಎಳಿ ಕಾಣಂಗಿಲ್ಲವಾ' ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. 'ನಮ್ಮಪ್ಪ ಹಂಗ ಕಟ್ಟಿಸಿದ್ದ, ನನಗೇನ ಗೊತ್ತು' ಅಂತಲೂ ಹೇಳಬಹುದು. ಎರಡನೇ ಉತ್ತರ ಬಂದರೆ ಬೇಜಾರು ಬೇಡ, ಆದರೆ ಅದನ್ನು ಮೊದಲನೆಯದರ ಹಾಗೆ ತಿರುಚಿ ಬರೆಯಬೇಡಿ. 'ಹೀಗಿರಬಹುದು ಅನ್ನಿಸುತ್ತದೆ, ಯಾಕೆಂದರೆ ಪಕ್ಕದ ಕೋಣೆಯ ಕಿಟಕಿ ಮೂರಡಿಗೆ ಇದೆ' ಅಂತ ಬರೆದರೆ ಸಾಕು. ಖಚಿತವಾಗಿ ಹೇಳಿದ ಸುಳ್ಳಿಗಿಂತ ಕಾರಣ ಕೊಟ್ಟ ಊಹೆಗೆ ಸ್ಟುಡಿಯೊದಲ್ಲಿ ಬೆಲೆ ಜಾಸ್ತಿ.

ಒಂದು ಮಾದರಿ ಪ್ಯಾರಾ ತೋರಿಸುತ್ತೀರಾ?

ನನ್ನ ಮುಂದೆ ಬರುವ ಮೊದಲ ಕರಡು ಬಹುತೇಕ ಹೀಗಿರುತ್ತದೆ:

'ಚಾಲುಕ್ಯರ ಶಿಲ್ಪಕಲೆಯ ತವರಾದ ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಿಂದಲೂ ಕಟ್ಟಡಗಳೆಂದರೆ ಆಸಕ್ತಿ. ನನ್ನ ಅಜ್ಜನ ಮಗ್ಗದ ಕೋಣೆಯಲ್ಲಿ ನೆರಳು ಬೆಳಕಿನ ಆಟ ನೋಡುತ್ತಾ ಬೆಳೆದೆ. ಪರಂಪರೆ ಮತ್ತು ಆಧುನಿಕತೆಯನ್ನು ಬೆಸೆಯುವ ವಾಸ್ತುಶಿಲ್ಪಿಯಾಗುವುದು ನನ್ನ ಕನಸು.'

ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಏನೂ ಇಲ್ಲ. ಅಜ್ಜನ ಬದಲು ಅಜ್ಜಿ, ಮಗ್ಗದ ಬದಲು ಅಡುಗೆಮನೆ ಅಂತ ಬದಲಾಯಿಸಿ ಯಾರ ಅರ್ಜಿಗಾದರೂ ಅಂಟಿಸಬಹುದು. ಮೊಮ್ಮಗಳು ಅಳತೆ ತೆಗೆದ ಮೇಲೆ ಬರೆದದ್ದು ಹೀಗೆ:

'ಇಳಕಲ್ಲಿನಲ್ಲಿ ನನ್ನ ಅಜ್ಜ ಸೀರೆ ನೇಯುವ ಕೋಣೆಯ ಕಿಟಕಿ ನೆಲದಿಂದ ಕೇವಲ 13 ಇಂಚು ಮೇಲೆ ಶುರುವಾಗುತ್ತದೆ. ನಾನು ನಿಂತು ನೋಡಿದರೆ ಬೀದಿಯ ನೆಲ ಕಾಣುತ್ತದೆ. ಅಜ್ಜನ ಪಕ್ಕ ಕೂತರೆ ಬೀದಿಯಲ್ಲಿ ನಿಂತವರ ಮುಖ ನೇರ ಎದುರಿಗೆ ಬರುತ್ತದೆ. ಸೆಕ್ಷನ್ ಬರೆದಾಗ ಕಾರಣ ಸಿಕ್ಕಿತು: ಒಳಗೆ ಕೂತವರು, ಕಟ್ಟೆಯ ಮೇಲೆ ಕೂತವರು, ಬೀದಿಯಲ್ಲಿ ನಿಂತವರು, ಮೂವರ ಕಣ್ಣೂ ಮೂರು ಇಂಚಿನ ಅಂತರದೊಳಗೆ ಇವೆ. ನಾವು ಈಗ ಕಟ್ಟಿಸಿರುವ ಹೊಸ ಕೋಣೆಯಲ್ಲಿ ಕಿಟಕಿ ಮೂರಡಿಗೆ ಇದೆ. ಅಲ್ಲಿ ಅಜ್ಜ ಹಗಲಲ್ಲೂ ಬಲ್ಬ್ ಹಾಕುತ್ತಾನೆ.'

ಎರಡನೆಯದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ ಗಮನಿಸಿ. ಕೊನೆಯ ವಾಕ್ಯದ ಬಲ್ಬು ಇಡೀ ವಾದವನ್ನು ಹೊತ್ತುಕೊಂಡಿದೆ. ಅದು ನಿಜವಾಗಿದ್ದರೆ ಮಾತ್ರ ಬರೆಯಬೇಕು, ಅದು ಬೇರೆ ಮಾತು.

ಹಳೇ ಮನೆ ಒಳ್ಳೆಯದು, ಸಿಮೆಂಟಿನ ಮನೆ ಕೆಟ್ಟದ್ದು ಅಂತ ಮುಗಿಸಬಹುದಲ್ವಾ?

ದಯವಿಟ್ಟು ಬೇಡ. ಮೊದಲನೆಯದಾಗಿ ಅದು ಸುಳ್ಳು. ಮಳೆಗಾಲದಲ್ಲಿ ಕುಣಿಗೆ ನೀರು ಒಸರುತ್ತದೆ, ಕೆಲಸ ನಿಲ್ಲುತ್ತದೆ. ಮಣ್ಣಿನ ಮಾಳಿಗೆ ಸೋರುತ್ತದೆ, ಮಳೆಗಾಲಕ್ಕೆ ಮುಂಚೆ ಮತ್ತೆ ಮಣ್ಣು ಹಾಕಬೇಕು. ವರ್ಷಗಟ್ಟಲೆ ಕುಣಿಯಲ್ಲಿ ಕೂತವರ ಬೆನ್ನು, ಮೊಣಕಾಲು ಹೇಗಿರುತ್ತವೆ ಅಂತ ಅವರನ್ನೇ ಕೇಳಿ. ನೆಲದ ಮೇಲೆ ನಿಲ್ಲಿಸುವ ಮಗ್ಗಕ್ಕೆ ಹೋದವರು, ಪವರ್‌ಲೂಮ್‌ಗೆ ಹೋದವರು ಸುಮ್ನೆ ಹೋಗಿಲ್ಲ.

ಎರಡನೆಯದಾಗಿ, ನೇಕಾರರ ಕಷ್ಟವನ್ನು ಮರೆಮಾಚಿ ಅವರ ಕಿಟಕಿಯನ್ನು ಮಾತ್ರ ಮೆಚ್ಚಿಕೊಂಡರೆ ಓದುವವರಿಗೆ ನೀವು ಪ್ರವಾಸಿಯ ಹಾಗೆ ಕಾಣುತ್ತೀರಿ. ಮೊಮ್ಮಗಳು ಈ ವಿರುದ್ಧದ ಸಂಗತಿಯನ್ನೇ ಒಳಗೆ ತಂದಳು. 'ಕುಣಿ ಬೇಡ ಅನ್ನುವುದು ಸರಿ. ಆದರೆ ಮಗ್ಗ ಒಂದೂವರೆ ಅಡಿ ಮೇಲೆ ಬಂದಾಗ ಕಿಟಕಿ, ಕಟ್ಟೆ, ಬೀದಿಯ ಸಂಬಂಧ ಏನಾಗುತ್ತದೆ?' ಅಂತ ಕೇಳಿಕೊಂಡಳು. ಮಗ್ಗ ಏರಿದರೆ ನೇಯುವವರ ಕಣ್ಣು ನೆಲದಿಂದ ನಾಲ್ಕಡಿಗೆ ಹೋಗುತ್ತದೆ. ಆಗ ಮೂರಡಿಯ ಕಿಟಕಿ ಸರಿಯಾಗಿಬಿಡಬಹುದು. ಕಟ್ಟೆಯ ಮೇಲೆ ಕೂತವರು ಮಾತ್ರ ಒಂದೂವರೆ ಅಡಿ ಕೆಳಗೆ ಉಳಿಯುತ್ತಾರೆ. ಇದು ಸ್ಟುಡಿಯೊ ಪ್ರಾಜೆಕ್ಟ್ ಆಗಬಹುದಾದ ಪ್ರಶ್ನೆ. ಉತ್ತರ ಗೊತ್ತಿರಬೇಕು ಅಂತೇನೂ ಇಲ್ಲ.

ದೊಡ್ಡ ಆರ್ಕಿಟೆಕ್ಟ್‌ಗಳ ಹೆಸರು ಹಾಕಬೇಕಾ?

ಸುಮ್ನೆ ಹಾಕಬೇಡಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದ ಬಿ.ವಿ. ದೋಶಿ, ಕೇರಳದ ಲಾರಿ ಬೇಕರ್, ಈ ಇಬ್ಬರ ಹೆಸರು ನನ್ನ ಮುಂದೆ ಬರುವ ಕರಡುಗಳಲ್ಲಿ ಜಾಸ್ತಿ. ಹೆಸರು ತೆಗೆದರೆ ನಿಮ್ಮ ವಾದ ಕುಂಟುತ್ತದೆ ಅನ್ನುವ ಹಾಗಿದ್ದರೆ ಇರಲಿ. ಇಲ್ಲದಿದ್ದರೆ ಆ ಜಾಗದಲ್ಲಿ ಇನ್ನೊಂದು ಅಳತೆ ಹಿಡಿಯುತ್ತದೆ.

ಬ್ರಿಟನ್ನಿನ ಅರ್ಜಿಯಲ್ಲಿ ಈಗ ಮೂರು ಪ್ರಶ್ನೆ ಇವೆ. ಒಂದೇ ಜಾಗದ ಬರಹ ಅದರೊಳಗೆ ಹೇಗೆ ಕೂರುತ್ತದೆ?

2026ರ ಪ್ರವೇಶದಿಂದ ಯುಕಾಸ್ ಅರ್ಜಿಯಲ್ಲಿ ಉದ್ದನೆಯ ಒಂದೇ ಬರಹ ಇಲ್ಲ. ಈ ವಿಷಯ ಯಾಕೆ ಓದಬೇಕು, ನಿಮ್ಮ ಓದು ಹೇಗೆ ತಯಾರು ಮಾಡಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ ಅಂತ ಮೂರು ಪ್ರಶ್ನೆ. ಒಟ್ಟು 4,000 ಅಕ್ಷರ, ಖಾಲಿ ಜಾಗವೂ ಸೇರಿ. ಒಂದೊಂದಕ್ಕೂ ಕನಿಷ್ಠ 350. ಇಂಗ್ಲಿಷಿನಲ್ಲಿ ಎಲ್ಲ ಸೇರಿ ಆರುನೂರು ಪದ ಚಿಲ್ಲರೆ ಆಗುತ್ತದೆ.

ಕಿಟಕಿಯ ಕಥೆಯನ್ನು ಮೂರಕ್ಕೂ ಹಂಚಬೇಡಿ, ತೆಳುವಾಗುತ್ತದೆ. ಒಗಟು ಮತ್ತು ಯೋಚನೆ ಮೊದಲ ಉತ್ತರದಲ್ಲಿ ಬರಲಿ, ಅದಕ್ಕೇ ಅರ್ಧದಷ್ಟು ಜಾಗ ಕೊಡಿ. ಎರಡನೆಯದರಲ್ಲಿ ಬೆಳಕಿನ ಕೋನ ಲೆಕ್ಕ ಹಾಕಲು ಪಿಯುಸಿಯ ತ್ರಿಕೋನಮಿತಿ ಹೇಗೆ ಬಳಸಿದಿರಿ ಅಂತ ಮೂರು ವಾಕ್ಯ ಸಾಕು. ಭೌತಶಾಸ್ತ್ರ ನನಗೆ ಇಷ್ಟ ಅನ್ನುವುದಕ್ಕಿಂತ ಇದು ಮೇಲು. ಅಳತೆ ತೆಗೆದದ್ದು, ಓಣಿಯ ಬೇರೆ ಮನೆಗಳಿಗೆ ಹೋಗಿ ಹೋಲಿಸಿದ್ದು, ನೇಕಾರರನ್ನು ಮಾತಾಡಿಸಿದ್ದು ಮೂರನೆಯದಕ್ಕೆ. ಗೆಳೆಯರ ಸ್ಟೇಟ್‌ಮೆಂಟ್ ನಕಲು ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. ಹಳೆಯ ಅರ್ಜಿಗಳ ಜೊತೆ ಹೋಲಿಸಿ ನೋಡುವ ವ್ಯವಸ್ಥೆ ಅವರಲ್ಲಿದೆ.

ಸೆಕ್ಷನ್ ಚಿತ್ರವನ್ನು ಪೋರ್ಟ್‌ಫೋಲಿಯೊದಲ್ಲಿ ಹಾಕಲಾ?

ಖಂಡಿತ. ಕೈಯಲ್ಲಿ ಬರೆದದ್ದೇ ಹಾಕಿ, ಟೇಪಿನ ಅಂಕಿಗಳೂ ಅಳಿಸಿದ ಗುರುತೂ ಕಾಣಲಿ. ಬರಹದಲ್ಲಿ ಚಿತ್ರವನ್ನು ಮತ್ತೆ ವರ್ಣಿಸಬೇಡಿ. ಎರಡರಲ್ಲೂ ಅಂಕಿಗಳು ಒಂದೇ ಇರಬೇಕು. ಚಿತ್ರದಲ್ಲಿ 13 ಇಂಚು, ಬರಹದಲ್ಲಿ ಒಂದೂವರೆ ಅಡಿ ಅಂತ ಇದ್ದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದು.

ಬೇರೆಯವರ ಮನೆ ಬಗ್ಗೆ ಬರೆಯುವಾಗ ಅನುಮತಿ ಬೇಕಾ?

ಮನೆಯವರಿಗೆ ಮೊದಲೇ ಹೇಳಿ, ಯಾಕೆ ಅಳೆಯುತ್ತಿದ್ದೀರಿ ಅಂತಲೂ ಹೇಳಿ. ಅಡುಗೆಮನೆ, ದೇವರಕೋಣೆಗೆ ಕರೆಯದೆ ಹೋಗಬೇಡಿ. ಮುಖ ಕಾಣುವ ಫೋಟೊ, ಮನೆತನದ ಹೆಸರು ಬರಹಕ್ಕೆ ಬೇಕಾಗಿಯೇ ಇಲ್ಲ. ಬರೆದು ಮುಗಿದ ಮೇಲೆ ಸೆಕ್ಷನ್‌ನ ಒಂದು ಪ್ರತಿ ಅವರಿಗೆ ಕೊಟ್ಟು ಬನ್ನಿ. ತಪ್ಪಿದ್ದರೆ ಅಲ್ಲೇ ಬೆರಳಿಟ್ಟು ತೋರಿಸುತ್ತಾರೆ.

ಕೊನೆಯಲ್ಲಿ 'ಓದಿ ನಮ್ಮ ಊರಿಗೇ ಮರಳಿ ಸೇವೆ ಮಾಡುತ್ತೇನೆ' ಅಂತ ಬರೆಯಲೇಬೇಕಾ?

ನಿಜವಾಗಿ ಮರಳುವ ಯೋಚನೆ ಇದ್ದರೆ, ಬಂದು ಏನು ಮಾಡುತ್ತೀರಿ ಅಂತ ಬರೆಯಿರಿ. ಇಲ್ಲದಿದ್ದರೆ ಬೇಡ. ಕೊನೆಯ ಪ್ಯಾರಾಕ್ಕೆ ನಾನು ಹೇಳುವುದು ಬೇರೆ: ಆ ಕೋರ್ಸಿನಲ್ಲಿ ನಿಮ್ಮ ಪ್ರಶ್ನೆಗೆ ಕೆಲಸ ಮಾಡಲು ಏನು ಸಿಗುತ್ತದೆ ಅಂತ ನೋಡಿ, ಅದನ್ನು ಹೆಸರು ಹಿಡಿದು ಹೇಳಿ. ಹಗಲುಬೆಳಕಿನ ಲ್ಯಾಬ್ ಇದೆಯಾ, ವಸತಿ ವಿನ್ಯಾಸದ ಸ್ಟುಡಿಯೊ ಯಾವ ವರ್ಷದಲ್ಲಿದೆ, ಮನೆಯಲ್ಲೇ ಕೆಲಸ ಮಾಡುವವರ ಬಗ್ಗೆ ಸಂಶೋಧನೆ ಮಾಡುವ ಅಧ್ಯಾಪಕರು ಇದ್ದಾರಾ? ಮೊಮ್ಮಗಳ ಕೊನೆಯ ವಾಕ್ಯ ಹೀಗಿತ್ತು: 'ನೆಲದಲ್ಲಿ ಕೂತು ರೊಟ್ಟಿ ಬಡಿಯುವವರು, ನೂಲು ಸುತ್ತುವವರು, ಹೊಲಿಯುವವರು ಇರುವ ಮನೆಗೆ ಕಿಟಕಿಯ ಎತ್ತರ ಯಾರ ಕಣ್ಣಿನಿಂದ ಅಳೆಯಬೇಕು ಅನ್ನುವುದನ್ನು ನಿಮ್ಮ ಎರಡನೇ ವರ್ಷದ ವಸತಿ ಸ್ಟುಡಿಯೊದಲ್ಲಿ ಮಾಡಿ ನೋಡಲು ಬಯಸುತ್ತೇನೆ.'

ಈ ವಾಕ್ಯವನ್ನು ಇನ್ನೊಂದು ಕಾಲೇಜಿಗೆ ಹಾಗೇ ಕಳಿಸಲು ಆಗುವುದಿಲ್ಲ. ಪ್ರತಿ ಅರ್ಜಿಗೂ ಅದನ್ನು ಬದಲಿಸಿ ಬರೆಯಬೇಕು, ಅದಕ್ಕೆ ಒಂದೊಂದು ಕೋರ್ಸಿನ ಪಠ್ಯಕ್ರಮ ಕೂತು ಓದಬೇಕು. ಅರ್ಜಿಯ ಕೊನೆಯ ದಿನಕ್ಕೆ ಎರಡು ವಾರ ಇರುವಾಗಲೇ ಅದನ್ನು ಶುರು ಮಾಡಿ.